ಪ್ಲಾನಿನ ಸ್ಕ್ರೀನ್‌ಶಾಟ್‌ನಿಂದ ಟೈಲ್ಸ್ ಲೆಕ್ಕ: ಎಷ್ಟು ಬಾಕ್ಸ್ ತರಬೇಕು?

ನಂಜನಗೂಡಿನ ಹೊಸ ಬಡಾವಣೆಗಳಲ್ಲಾಗಲಿ ತಿ. ನರಸೀಪುರದಲ್ಲಾಗಲಿ ಈಗ ಮನೆ ಕಟ್ಟಿಸುವವರ ಕೈಯಲ್ಲಿ ನೀಲಿ ಹಾಳೆಯ ನಕ್ಷೆ ಇರುವುದು ಅಪರೂಪ. ಎಂಜಿನಿಯರ್ ವಾಟ್ಸಾಪ್‌ನಲ್ಲಿ ಕಳಿಸಿದ ಪ್ಲಾನನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಮನೆಯವರ ಗ್ರೂಪಿಗೆ ಹಾಕಿರುತ್ತಾರೆ, ಅದೇ ಚಿತ್ರ ಕೊನೆಗೆ ಟೈಲ್ಸ್ ಅಂಗಡಿಯ ಗಲ್ಲಾದ ಮುಂದೆ ಬರುತ್ತದೆ. ಅಂಗಡಿಯವರು ಕೋಣೆಗಳ ಉದ್ದ ಅಗಲ ಗುಣಿಸಿ, ಕೂಡಿ, "ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿಸೋಣ ಸಾರ್" ಎಂದು ಬಾಕ್ಸಿನ ಲೆಕ್ಕ ಹೇಳುತ್ತಾರೆ. ಎರಡು ನಿಮಿಷದ ಕೆಲಸ. ಆ ಲೆಕ್ಕ ಕೆಲವು ಮನೆಗೆ ಸರಿಹೋಗುತ್ತದೆ, ಕೆಲವು ಮನೆಗೆ ಮೂರು ಬಾಕ್ಸ್ ಕಡಿಮೆ ಬೀಳುತ್ತದೆ. ಏಕೆಂದರೆ ಎಷ್ಟು ಟೈಲ್ ದಂಡವಾಗುತ್ತದೆ ಎನ್ನುವುದನ್ನು ಮನೆಯ ಒಟ್ಟು ವಿಸ್ತೀರ್ಣ ನಿರ್ಧರಿಸುವುದಿಲ್ಲ. ಒಂದೊಂದು ಕೋಣೆಯಲ್ಲಿ ಪೂರ್ತಿ ಟೈಲ್‌ಗಳು ಕೂತ ಮೇಲೆ ಗೋಡೆಯ ಬದಿಗೆ ಎಷ್ಟು ಜಾಗ ಉಳಿಯುತ್ತದೆ ಎನ್ನುವುದು ನಿರ್ಧರಿಸುತ್ತದೆ. ಆ ಉಳಿಕೆಯನ್ನು ಸ್ಕ್ರೀನ್‌ಶಾಟ್‌ನಿಂದಲೇ ಲೆಕ್ಕ ಹಾಕಬಹುದು. ಮೊದಲು ಆ ಚಿತ್ರವನ್ನು ಸರಿಯಾಗಿ ಓದಬೇಕು, ಅಷ್ಟೆ.

ಸ್ಕ್ರೀನ್‌ಶಾಟ್‌ನಲ್ಲಿ ಗೆರೆಗಳನ್ನು ನಂಬಬಾರದು, ಬರೆದ ಅಂಕಿಗಳನ್ನು ಮಾತ್ರ ನಂಬಬೇಕು. ಮೂಲ ನಕ್ಷೆಯನ್ನು ಒಂದು ಪ್ರಮಾಣಕ್ಕೆ ಬರೆದಿರುತ್ತಾರೆ. ಮೊಬೈಲ್ ಪರದೆಯ ಮೇಲೆ ಹಿಗ್ಗಿಸಿ ಕುಗ್ಗಿಸಿ, ಅಂಚು ಕತ್ತರಿಸಿ, ನಾಲ್ಕು ಜನರಿಗೆ ಫಾರ್ವರ್ಡ್ ಆದ ಮೇಲೆ ಆ ಪ್ರಮಾಣ ಉಳಿದಿರುವುದಿಲ್ಲ. ಪರದೆಯ ಮೇಲೆ ಸ್ಕೇಲ್ ಇಟ್ಟು "ಹಾಲ್ ಇಷ್ಟಿದ್ದರೆ ಅಡುಗೆಮನೆ ಇಷ್ಟು" ಎಂದು ಅಂದಾಜು ಮಾಡುವುದು ಬೇಡ. ಅಂಕಿಗಳಲ್ಲೂ ಎರಡು ಗುಂಡಿಗಳಿವೆ. 11'10" ಎಂದರೆ ಹನ್ನೊಂದು ಅಡಿ ಹತ್ತು ಇಂಚು. ಕ್ಯಾಲ್ಕುಲೇಟರ್‌ನಲ್ಲಿ ಅದನ್ನು 11.10 ಎಂದು ಒತ್ತುವವರು ಬಹಳ ಜನ. ನಿಜಕ್ಕೂ ಅದು 11.83 ಅಡಿ. ಹತ್ತು ಅಡಿ ಅಗಲದ ಕೋಣೆಯಲ್ಲಿ ಇದೊಂದೇ ತಪ್ಪಿಗೆ ಏಳು ಚದರ ಅಡಿ, ಅಂದರೆ ಹತ್ತಿರ ಹತ್ತಿರ ಅರ್ಧ ಬಾಕ್ಸ್ ಮಾಯವಾಗುತ್ತದೆ. ಎರಡನೆಯದು ಮೀಟರ್. ನಗರಸಭೆಗೋ ಪುರಸಭೆಗೋ ಅನುಮೋದನೆಗೆ ಕೊಡುವ ನಕ್ಷೆಯಲ್ಲಿ ಅಳತೆ ಮೀಟರಿನಲ್ಲಿ ಇರಬಹುದು. 3.05 X 3.50 ಎಂದಿದ್ದರೆ ಅದು ಹತ್ತು ಅಡಿಗೆ ಹನ್ನೊಂದೂವರೆ ಅಡಿಯ ಕೋಣೆ. ಅನುಮೋದನೆಯ ನಕ್ಷೆಯಂತೆಯೇ ಮನೆ ಕಟ್ಟಿರುತ್ತಾರೆ ಎಂಬ ಭರವಸೆಯೂ ಇಲ್ಲ. ಗೋಡೆ ಏಳಿಸುವಾಗ ಮೇಸ್ತ್ರಿ ನೋಡಿಕೊಂಡ ನಕ್ಷೆ ಯಾವುದೋ ಅದರ ಚಿತ್ರವನ್ನೇ ಕೇಳಿ ಪಡೆಯಿರಿ.

ಈ ಭಾಗದಲ್ಲಿ ಆಯ ನೋಡಿಸಿ ಅಳತೆ ಇಡುವವರು ಹೆಚ್ಚು. ಅಂಥ ಮನೆಗಳಲ್ಲಿ ಅಡಿಯ ಹಿಂದೆ 3 ಇಂಚು, 9 ಇಂಚು ಹೀಗೆ ಬಿಡಿ ಇಂಚುಗಳು ಬರುತ್ತವೆ. ಮಸುಕಾದ ಚಿತ್ರದಲ್ಲಿ ಮೊದಲು ಕೈಕೊಡುವುದು ಆ ಬಿಡಿ ಇಂಚಿನ ಅಂಕಿಯೇ. 0 ಮತ್ತು 6, 3 ಮತ್ತು 8 ಒಂದೇ ಥರ ಕಾಣುತ್ತವೆ. ಆದರೆ ಅದನ್ನು ಪರೀಕ್ಷಿಸುವ ದಾರಿ ಅದೇ ಚಿತ್ರದೊಳಗಿದೆ. ಮನೆಯ ಹೊರಗಿನ ಅಳತೆಯೂ ಅಂಚಿನಲ್ಲಿ ಬರೆದಿರುತ್ತದಲ್ಲ, ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ಒಂದೇ ಸಾಲಿನಲ್ಲಿ ಬರುವ ಎಲ್ಲ ಅಳತೆಗಳನ್ನು, ಗೋಡೆಯ ದಪ್ಪವನ್ನೂ ಸೇರಿಸಿ, ಕೂಡಿ ನೋಡಿ. ಹೊರಗಿನ ಅಳತೆಗೆ ತಾಳೆಯಾಗಬೇಕು.

ಲೆಕ್ಕಕ್ಕೆ ಒಂದು ಮನೆ ಇಟ್ಟುಕೊಳ್ಳೋಣ. ಹಾಲ್ 12'0" × 16'3", ಮಲಗುವ ಕೋಣೆ 10'0" × 11'6", ಅಡುಗೆಮನೆ 8'6" × 10'0". ಹೊರಗೋಡೆ 9 ಇಂಚು, ಒಳಗೋಡೆ ನಾಲ್ಕೂವರೆ ಇಂಚು. ಹಾಲ್ ಮತ್ತು ಮಲಗುವ ಕೋಣೆ ಅಕ್ಕಪಕ್ಕ. ಕೋಣೆಯ ಅಗಲ 10'0" ಇದೆಯೋ 10'6" ಇದೆಯೋ ಚಿತ್ರದಲ್ಲಿ ಸ್ಪಷ್ಟವಿಲ್ಲ ಎಂದುಕೊಳ್ಳಿ. ಹೊರಗಿನ ಅಗಲ 23'10½" ಎಂದು ಬರೆದಿದೆ. ಈಗ ಇಂಚಿನಲ್ಲಿ ಕೂಡಿ: ಹೊರಗೋಡೆ 9, ಹಾಲ್ 144, ಒಳಗೋಡೆ ನಾಲ್ಕೂವರೆ, ಕೋಣೆ 120, ಮತ್ತೆ ಹೊರಗೋಡೆ 9. ಒಟ್ಟು 286½ ಇಂಚು, ಅಂದರೆ 23 ಅಡಿ 10½ ಇಂಚು. ತಾಳೆಯಾಯಿತು, ಕೋಣೆ 10'0" ಅಗಲವೇ. 10'6" ಎಂದು ಓದಿದ್ದರೆ ಅರ್ಧ ಅಡಿ ಹೆಚ್ಚಾಗಿ ನಿಲ್ಲುತ್ತಿತ್ತು. ಕೂಡಿದ್ದು ಸರಿಬರದಿದ್ದರೆ ಎಂಜಿನಿಯರಿಗೆ ಫೋನ್ ಮಾಡಿ ಮೂಲ ಪಿಡಿಎಫ್ ತರಿಸಿಕೊಳ್ಳಿ, ಊಹೆಗೆ ಹೋಗಬೇಡಿ.

ಇನ್ನು ನಕ್ಷೆಯ ಅಳತೆಗೂ ನೆಲದ ಅಳತೆಗೂ ಒಂದು ಇಂಚಿನ ವ್ಯತ್ಯಾಸವಿದೆ. ನಕ್ಷೆಯಲ್ಲಿ ಬರೆಯುವುದು ಸಾಮಾನ್ಯವಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ ಇರುವ ದೂರ. ಅದರ ಮೇಲೆ ಪ್ರತಿ ಗೋಡೆಗೂ ಅರ್ಧ ಇಂಚಿನಷ್ಟು ಗಾರೆ ಬರುತ್ತದೆ. ಎದುರುಬದುರು ಗೋಡೆ ಸೇರಿ ಒಂದು ಇಂಚು, 25 ಮಿ.ಮೀ. ಕಡಿಮೆಯಾಗುತ್ತದೆ. ಅಂಗಡಿಯ ಗುಣಾಕಾರದಲ್ಲಿ ಈ ಇಂಚಿಗೆ ಬೆಲೆಯಿಲ್ಲ, ಆದರೆ ಟೈಲ್ ಎಣಿಸುವಾಗ ಒಂದು ಇಂಚು ಒಂದು ಸಾಲನ್ನೇ ಉಳಿಸಬಲ್ಲದು.

ಟೈಲಿನ ಅಳತೆಯಲ್ಲೂ ಅಂಥದೇ ಒಂದು ವಿಷಯವಿದೆ. ನಾವು "ಎರಡಕ್ಕೆರಡು" ಎನ್ನುವ ವಿಟ್ರಿಫೈಡ್ ಟೈಲ್ ನಿಜವಾಗಿ 600 ಮಿ.ಮೀ. ಚೌಕ. ಎರಡು ಅಡಿ ಎಂದರೆ 610 ಮಿ.ಮೀ. ಹಾಗಾಗಿ ಒಂದು ಟೈಲಿನ ವಿಸ್ತೀರ್ಣ 4 ಚದರ ಅಡಿ ಅಲ್ಲ, 3.87. ನಾಲ್ಕು ಟೈಲಿನ ಬಾಕ್ಸಿನಲ್ಲಿ 16 ಚದರ ಅಡಿ ಇರುವುದಿಲ್ಲ, ಹದಿನೈದೂವರೆ ಇರುತ್ತದೆ. ಬಾಕ್ಸಿನ ಮೇಲೆ 1.44 ಚದರ ಮೀಟರ್ ಎಂದು ಅಚ್ಚಾಗಿರುತ್ತದೆ, ನೋಡಿ. ಬಾಕ್ಸಿಗೆ 16 ಎಂದು ಭಾಗಿಸಿದ ಲೆಕ್ಕ ಪ್ರತಿ ಮೂವತ್ತು ಬಾಕ್ಸಿಗೆ ಸುಮಾರು ಒಂದು ಬಾಕ್ಸ್ ಕಡಿಮೆ ಹೇಳುತ್ತದೆ.

ಈಗ ಎಣಿಕೆ. ಟೈಲ್‌ಗಳ ನಡುವೆ 2 ಮಿ.ಮೀ. ಸ್ಪೇಸರ್ ಇಟ್ಟರೆ ಒಂದು ಟೈಲ್ ತೆಗೆದುಕೊಳ್ಳುವ ಜಾಗ 602 ಮಿ.ಮೀ. ಅಡಿ ಇಂಚನ್ನು ಮಿ.ಮೀ.ಗೆ ತಿರುಗಿಸಿ, ಗಾರೆಯ 25 ಕಳೆದು, 602ರಿಂದ ಭಾಗಿಸಿದರೆ ಪೂರ್ತಿ ಟೈಲ್ ಎಷ್ಟು, ಉಳಿಕೆ ಎಷ್ಟು ಎಂದು ತಿಳಿಯುತ್ತದೆ. ಮೊಬೈಲಿನ ಶೀಟ್‌ನಲ್ಲಿ ಮಾಡುವುದಾದರೆ A2ರಲ್ಲಿ ಅಡಿ, B2ರಲ್ಲಿ ಇಂಚು ತುಂಬಿ, ಮುಂದಿನ ಮೂರು ಸೆಲ್‌ಗಳಲ್ಲಿ (C2, D2, E2) ಇವನ್ನು ಹಾಕಿ:

```
=(A2*12+B2)*25.4-25
=INT((C2+2)/602)
=C2-D2*602
```

ಮೊದಲನೆಯದು ಗಾರೆಯಾದ ಮೇಲಿನ ಒಳ ಅಳತೆ, ಎರಡನೆಯದು ಪೂರ್ತಿ ಟೈಲ್‌ಗಳ ಸಂಖ್ಯೆ, ಮೂರನೆಯದು ಕಟಿಂಗ್ ಪೀಸಿಗೆ ಉಳಿಯುವ ಅಗಲ. ಶೀಟ್ ಬೇಡವಾದರೆ ಕಾಗದದ ಮೇಲೂ ಇಷ್ಟೇ.

ಹಾಲಿನ ಅಗಲ 12 ಅಡಿಗೆ ಆರು ಟೈಲ್ ಕೂತು 20 ಮಿ.ಮೀ. ಉಳಿಯುತ್ತದೆ. ಈ ಇಪ್ಪತ್ತಕ್ಕೆ ಯಾರೂ ಟೈಲ್ ಕತ್ತರಿಸುವುದಿಲ್ಲ. ಎರಡು ಬದಿಗೆ ಹಂಚಿದರೆ ಒಂದೊಂದು ಕಡೆ ಸುಮಾರು ಒಂದು ಸೆಂಟಿಮೀಟರ್. ಗೋಡೆಗೆ ಸ್ಕರ್ಟಿಂಗ್ ಹಚ್ಚಿದಾಗ ಅದರ ದಪ್ಪ ಮತ್ತು ಹಿಂದಿನ ಸಿಮೆಂಟ್ ಸೇರಿ ಅಷ್ಟು ಜಾಗವನ್ನು ಮುಚ್ಚಿಬಿಡುತ್ತದೆ. ಗಾರೆಯ ಇಂಚನ್ನು ಕಳೆಯದೆ ಲೆಕ್ಕ ಹಾಕಿದ್ದರೆ ಇಲ್ಲಿ ನಾಲ್ಕೂವರೆ ಸೆಂಟಿಮೀಟರ್ ಉಳಿದು, ಹಾಲಿನ ಉದ್ದಕ್ಕೂ ಒಂದು ಪಟ್ಟಿ ಬೇಕೆಂದು ಕಾಣುತ್ತಿತ್ತು.

ಹಾಲಿನ ಉದ್ದ 16 ಅಡಿ 3 ಇಂಚಿಗೆ ಎಂಟು ಟೈಲ್ ಕೂತು 112 ಮಿ.ಮೀ. ಉಳಿಯುತ್ತದೆ. ಆಯದ ಆ ಮೂರು ಇಂಚು ಬಂದು ಕೂತಿರುವುದು ಇಲ್ಲಿ. ಆರು ಟೈಲಿನ ಎಂಟು ಸಾಲು, 48. ಕೊನೆಗೆ ಹನ್ನೊಂದು ಸೆಂಟಿಮೀಟರ್ ಅಗಲದ ಆರು ಪಟ್ಟಿ. ಒಂದು ಟೈಲಿನಿಂದ ಐದು ಪಟ್ಟಿ ಬರುವುದರಿಂದ ಎರಡು ಟೈಲ್ ಸಾಕು, ಒಟ್ಟು 50. ಆದರೆ ಒಳ್ಳೆಯ ಟೈಲ್ಸ್ ಮೇಸ್ತ್ರಿ ಹೀಗೆ ಹಾಕಲು ಒಪ್ಪುವುದಿಲ್ಲ. ಬಾಗಿಲು ತೆಗೆದ ಕೂಡಲೇ ಗೋಡೆ ಬದಿಯ ಸಣ್ಣ ಪಟ್ಟಿ ಕಣ್ಣಿಗೆ ಹೊಡೆಯುತ್ತದೆ, ಕಿರಿದಾದ ಪೀಸು ಕತ್ತರಿಸುವಾಗ ಒಡೆಯುವುದೂ ಹೆಚ್ಚು. ಅವರು ಒಂದು ಪೂರ್ತಿ ಸಾಲನ್ನು ಬಿಟ್ಟು, ಆ 600 ಮತ್ತು ಈ 112 ಸೇರಿಸಿ ಎರಡು ಕೊನೆಗೂ 356 ಮಿ.ಮೀ. ಅಗಲದ ಪೀಸುಗಳನ್ನು ಸಮನಾಗಿ ಹಾಕುತ್ತಾರೆ. ನಡುವೆ ಏಳು ಪೂರ್ತಿ ಸಾಲು, 42 ಟೈಲ್. ಎರಡು ಕಟಿಂಗ್ ಸಾಲಿಗೆ 12 ಪೀಸು. 356 ಎಂದರೆ ಟೈಲಿನ ಅರ್ಧಕ್ಕಿಂತ ಹೆಚ್ಚು, ಆದ್ದರಿಂದ ಒಂದು ಟೈಲಿನಿಂದ ಒಂದೇ ಪೀಸು. ಹನ್ನೆರಡು ಟೈಲ್ ಬೇಕು. ಒಟ್ಟು 54.

ನಾಲ್ಕು ಟೈಲ್ ದಂಡವಾಯಿತು ಎಂದು ಮನೆಯವರು ಬೇಸರಪಡುವುದು ಇಲ್ಲೇ. ಆದರೆ ಕತ್ತರಿಸಿ ಉಳಿದ ಹನ್ನೆರಡು ತುಂಡುಗಳು ಒಂದೊಂದೂ 24 ಸೆಂಟಿಮೀಟರ್ ಅಗಲ ಇವೆ. ನಾಲ್ಕಿಂಚಿನ, ಅಂದರೆ 10 ಸೆಂಟಿಮೀಟರಿನ ಸ್ಕರ್ಟಿಂಗ್ ಪಟ್ಟಿ ಒಂದೊಂದರಿಂದ ಎರಡು ಬರುತ್ತದೆ. ಒಟ್ಟು 24 ಪಟ್ಟಿ, 14.4 ಮೀಟರ್. ಹಾಲಿನ ಸುತ್ತಳತೆ 17.1 ಮೀಟರ್. ಅದರಲ್ಲಿ ಮುಂಬಾಗಿಲು, ಕೋಣೆ ಬಾಗಿಲು, ಅಡುಗೆಮನೆ ಬಾಗಿಲು ಸೇರಿ ಹತ್ತಡಿ ಕಳೆದರೆ 14 ಮೀಟರ್ ಉಳಿಯುತ್ತದೆ. ಹಾಲಿನ ಇಡೀ ಸ್ಕರ್ಟಿಂಗ್ ಆ ತುಂಡುಗಳಿಂದಲೇ ಮುಗಿಯಿತು. 50 ಟೈಲಿನ ದಾರಿ ಹಿಡಿದಿದ್ದರೆ ಸ್ಕರ್ಟಿಂಗಿಗೆಂದು ಬೇರೆ ನಾಲ್ಕು ಟೈಲ್ ಕತ್ತರಿಸಬೇಕಿತ್ತು. ಅಲ್ಲಿಗೂ 54. ನೋಡಲು ಚೆನ್ನಾಗಿರುವ ದಾರಿಗೂ ಜಿಪುಣತನದ ದಾರಿಗೂ ಒಂದೇ ಖರ್ಚು ಎಂದು ತಿಳಿಯಬೇಕಾದರೆ ಹೀಗೆ ಎಣಿಸಲೇಬೇಕು. ಕೆಲಸದವರಿಗೆ ಮೊದಲೇ ಹೇಳಿಡಿ: ಕಟಿಂಗ್ ತುಂಡುಗಳನ್ನು ಮರಳು ಜಲ್ಲಿಯ ಜೊತೆ ಹೊರಗೆ ಎಸೆಯದೆ ಒಂದು ಮೂಲೆಯಲ್ಲಿ ಜೋಡಿಸಿಡಬೇಕು, ಸ್ಕರ್ಟಿಂಗಿಗೆ ಹೊಸ ಟೈಲ್ ಮುಟ್ಟುವ ಮುಂಚೆ ಅವು ಮುಗಿಯಬೇಕು.

ಮಲಗುವ ಕೋಣೆ ಸುಲಭ. ಹತ್ತು ಅಡಿಗೆ ಐದು ಟೈಲ್ ಕೂತು 13 ಮಿ.ಮೀ. ಉಳಿಯುತ್ತದೆ, ಅದು ಸ್ಕರ್ಟಿಂಗ್ ಕೆಳಗೆ ಮುಚ್ಚಿಹೋಗುತ್ತದೆ. ಹನ್ನೊಂದೂವರೆ ಅಡಿಗೆ ಐದು ಟೈಲ್ ಮತ್ತು 470 ಮಿ.ಮೀ.ನ ಪೀಸು. ಇದಕ್ಕೂ ಒಂದಕ್ಕೆ ಒಂದು ಟೈಲ್ ಬೇಕು. 25 ಮತ್ತು 5, ಒಟ್ಟು 30. ಉಳಿದ ಐದು ತುಂಡುಗಳಿಂದ ಒಂದೊಂದು ಸ್ಕರ್ಟಿಂಗ್ ಪಟ್ಟಿ ಸಿಗುತ್ತದೆ. ಎರಡು ಬಾಗಿಲು ಕಳೆದು ಈ ಕೋಣೆಗೆ ಬೇಕಾದ ಪಟ್ಟಿಗಳು 19. ಇನ್ನು ಹದಿನಾಲ್ಕಕ್ಕೆ ಮೂರು ಟೈಲ್, ಒಟ್ಟು 33. ಒಂದು ಟೈಲಿನಿಂದ ಐದು ಪಟ್ಟಿ ಎಂದೇ ಲೆಕ್ಕ ಹಿಡಿಯಿರಿ. 600ನ್ನು 100ರಿಂದ ಭಾಗಿಸಿದರೆ ಆರು ಬರುತ್ತದೆ, ನಿಜ. ಆದರೆ ಪ್ರತಿ ಕೊಯ್ತಕ್ಕೂ ಗ್ರೈಂಡರ್ ಬ್ಲೇಡ್ ಎರಡು ಮೂರು ಮಿ.ಮೀ. ತಿನ್ನುತ್ತದೆ, ಆರನೆಯದು ಗಿಡ್ಡವಾಗುತ್ತದೆ.

ಅಡುಗೆಮನೆಯಲ್ಲಿ ಎಂಟೂವರೆ ಅಡಿಗೆ ನಾಲ್ಕು ಟೈಲ್ ಮತ್ತು 158 ಮಿ.ಮೀ. ಪಟ್ಟಿ, ಹತ್ತು ಅಡಿಗೆ ಐದು. 20 ಪೂರ್ತಿ ಟೈಲ್. ಐದು ಪಟ್ಟಿಗಳು ಒಂದು ಟೈಲಿನಿಂದ ಮೂರರಂತೆ ಎರಡು ಟೈಲಿನಲ್ಲಿ ಮುಗಿಯುತ್ತವೆ. ಇಲ್ಲಿ ಸಾಲನ್ನು ಸರಿಹೊಂದಿಸುವ ತಾಪತ್ರಯ ಬೇಡ. ಆ ಕಿರಿದಾದ ಪಟ್ಟಿಯನ್ನು ಅಡುಗೆ ಕಟ್ಟೆಯ ಕೆಳಗೆ ತಳ್ಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಟ್ಟೆ ಇರುವ ಹತ್ತಡಿ ಗೋಡೆಗೆ ಸ್ಕರ್ಟಿಂಗ್ ಇಲ್ಲ. ಬಾಕಿ ಗೋಡೆಗೆ ಹದಿಮೂರು ಪಟ್ಟಿ, ಅದರಲ್ಲಿ ಮೂರು ತುಂಡುಗಳಿಂದ ಬರುತ್ತದೆ, ಹತ್ತಕ್ಕೆ ಎರಡು ಟೈಲ್. ಒಟ್ಟು 24.

ಸ್ಕ್ರೀನ್‌ಶಾಟ್‌ನ ಯಾವ ಕೋಣೆಯ ಅಳತೆಯಲ್ಲೂ ಸೇರದ ಒಂದು ಜಾಗವಿದೆ: ಬಾಗಿಲು ಕೂತ ಕಡೆ ಗೋಡೆಯ ದಪ್ಪದಷ್ಟು ನೆಲ. ಒಳಗಿನ ಎರಡು ಬಾಗಿಲ ಸಂದಿಗೆ ಒಂದು ಟೈಲ್ ಬೇಕು. 54, 33, 24, 1. ಒಟ್ಟು 112 ಟೈಲ್. ಸಾಗಣೆಯಲ್ಲಿ, ಕತ್ತರಿಸುವಾಗ, ಮೂಲೆ ಮುರಿದು ಹೋಗುವುದಕ್ಕೆ ನೂರಕ್ಕೆ ಮೂರು ನಾಲ್ಕು ಹಿಡಿದರೆ 116, ಸರಿಯಾಗಿ 29 ಬಾಕ್ಸ್.

ಈಗ ಅಂಗಡಿಯ ಲೆಕ್ಕದ ಪಕ್ಕ ಇದನ್ನಿಟ್ಟು ನೋಡಿ. ಮೂರು ಕೋಣೆ ಸೇರಿ 395 ಚದರ ಅಡಿ. ಹತ್ತು ಪರ್ಸೆಂಟ್ ಸೇರಿಸಿ, ಬಾಕ್ಸಿಗೆ 16 ಎಂದು ಭಾಗಿಸಿದರೆ 28 ಬಾಕ್ಸ್ ಬರುತ್ತದೆ, ಅಂದರೆ ಅದೇ 112 ಟೈಲ್. ಸರಿಯಿದೆಯಲ್ಲ ಎನಿಸುತ್ತದೆ. ಆದರೆ ಆ ಹತ್ತು ಪರ್ಸೆಂಟ್ ಒಡೆದು ಹೋಗುವುದಕ್ಕೆಂದು ಇಟ್ಟಿದ್ದು. ಇಲ್ಲಿ ಅದು ಪೂರ್ತಿಯಾಗಿ ಸ್ಕರ್ಟಿಂಗಿಗೆ ಮತ್ತು 16ಕ್ಕೂ 15.5ಕ್ಕೂ ಇರುವ ವ್ಯತ್ಯಾಸಕ್ಕೆ ಖರ್ಚಾಗಿಹೋಗಿದೆ. ಒಂದೇ ಒಂದು ಟೈಲ್ ಒಡೆದರೂ ಕೆಲಸ ನಿಲ್ಲುತ್ತದೆ. "ಐದು ಪರ್ಸೆಂಟ್ ಸಾಕು ಬಿಡಿ" ಎಂದವರ ಮನೆಗೆ 26 ಬಾಕ್ಸ್ ಬಂದು, ಕೊನೆಗೆ ಮೂರು ಬಾಕ್ಸ್ ಸಾಲದೆ ಹೋಗುತ್ತದೆ. ಹಾಗೆಂದು ಸ್ಕರ್ಟಿಂಗನ್ನು ಬೇರೆ ಕೂಡಿ, ಅದರ ಮೇಲೂ ಹತ್ತು ಪರ್ಸೆಂಟ್ ಹಾಕಿದರೆ 31 ಬಾಕ್ಸ್ ಆಗಿ ಎರಡು ಹೆಚ್ಚಾಗುತ್ತದೆ. ಈ ಮನೆಯ ಅಳತೆಗಳು ಎರಡಕ್ಕೆರಡು ಟೈಲಿಗೆ ಒಗ್ಗಿಬಂದವು, ಉಳಿದ ತುಂಡುಗಳೆಲ್ಲ ಸ್ಕರ್ಟಿಂಗ್ ಆದವು, ಆದ್ದರಿಂದ ನಿಜವಾದ ನಷ್ಟ ತೀರ ಕಡಿಮೆ. ಎಲ್ಲ ಮನೆಗೂ ಹೀಗಾಗುವುದಿಲ್ಲ.

ಅದೇ ಹಾಲಿಗೆ 800 ಮಿ.ಮೀ. ಚೌಕದ ಟೈಲ್ ಆರಿಸಿದರೆ ಏನಾಗುತ್ತದೆ ನೋಡಿ. ಅಗಲಕ್ಕೆ ನಾಲ್ಕು ಟೈಲ್ ಕೂತು 424 ಮಿ.ಮೀ. ಉಳಿಯುತ್ತದೆ. ಟೈಲಿನ ಅರ್ಧ 400. ಎರಡು ಕಡೆ ಸ್ಕರ್ಟಿಂಗ್ ಕೆಳಗೆ ಒಂದೊಂದು ಸೆಂಟಿಮೀಟರ್ ಬಿಟ್ಟರೂ 404 ಬೇಕು. ಬ್ಲೇಡ್ ತಿನ್ನುವುದನ್ನು ಕಳೆದರೆ ಅರ್ಧ ಟೈಲ್ 398ಕ್ಕಿಂತ ಹೆಚ್ಚು ಸಿಗುವುದಿಲ್ಲ. ಆ ಆರು ಮಿ.ಮೀ.ಗಾಗಿ ಉದ್ದಕ್ಕೂ ಇರುವ ಆರು ಪೀಸುಗಳಿಗೆ ಆರು ಪೂರ್ತಿ ಟೈಲ್ ಬಲಿ. ಅರ್ಧದೊಳಗೆ ಬಂದಿದ್ದರೆ ಮೂರು ಸಾಕಿತ್ತು. ಟೈಲ್ ದೊಡ್ಡದಾದಷ್ಟೂ ಒಂದೊಂದು ಉಳಿಕೆ ತುಂಡಿನ ಬೆಲೆಯೂ ದೊಡ್ಡದು. ಆದ್ದರಿಂದ ಅಂಗಡಿಯಲ್ಲಿ ಡಿಸೈನ್ ಮೆಚ್ಚಿಕೊಳ್ಳುವ ಮೊದಲು ನಿಮ್ಮ ಕೋಣೆಗಳ ಉಳಿಕೆಯನ್ನು ಎರಡು ಮೂರು ಅಳತೆಯ ಟೈಲಿಗೆ ಲೆಕ್ಕ ಹಾಕಿಕೊಂಡು ಹೋಗಿ. ಶೀಟ್‌ನಲ್ಲಿ 602 ಇದ್ದ ಕಡೆ 802 ಎಂದು ಬದಲಿಸಿದರೆ ಆಯಿತು. ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಉಳಿಯುವ ಅಳತೆ ನಿಮ್ಮ ಕೋಣೆಗೆ ಅತಿ ದುಬಾರಿಯದು. ಟೈಲನ್ನು ಕೋನದ ಮೇಲೆ, ಡೈಮಂಡಿನಂತೆ ಹಾಕಿಸುವುದಾದರೆ ನಾಲ್ಕೂ ಗೋಡೆಗೆ ತ್ರಿಕೋನದ ಪೀಸು ಬೇಕು, ಅಲ್ಲಿ ಹದಿನೈದು ಪರ್ಸೆಂಟ್ ಇಟ್ಟುಕೊಳ್ಳುವುದೇ ಸರಿ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಕೋಣೆಯ ಮೂಲೆಗಳು ಮಟ್ಟಸವಾಗಿವೆ ಎಂಬ ನಂಬಿಕೆಯ ಮೇಲೆ. ಹೊಸ ಬಡಾವಣೆಯ ಮೂವತ್ತಕ್ಕೆ ನಲವತ್ತರ ಸೈಟಿನಲ್ಲಿ ಅದು ಬಹುಮಟ್ಟಿಗೆ ನಿಜ. ಆದರೆ ನಂಜನಗೂಡಿನ ದೇವಸ್ಥಾನದ ಸುತ್ತಿನ ಬೀದಿಗಳಂಥ, ತಿ. ನರಸೀಪುರದ ಹಳೆಯ ಭಾಗದಂಥ ಕಡೆ, ಅಕ್ಕಪಕ್ಕದ ಗೋಡೆಗಳ ನಡುವೆ ಸಿಕ್ಕ ಜಾಗದಲ್ಲೇ ಹಳೆ ಮನೆ ಕೆಡವಿ ಹೊಸದು ಕಟ್ಟುವಾಗ ಸೈಟೇ ಒಂದು ಕಡೆ ಸೊಟ್ಟಗಿರಬಹುದು. ನಕ್ಷೆಯಲ್ಲಿ ಚೌಕವಾಗಿ ಕಾಣುವ ಹಾಲ್ ನೆಲದ ಮೇಲೆ ಒಂದು ತುದಿಯಲ್ಲಿ ಎರಡು ಸೆಂಟಿಮೀಟರ್ ಕಿರಿದಾಗಿದ್ದರೆ ನಮ್ಮ ಹಾಲಿನ ಅಗಲದಲ್ಲಿ ಉಳಿದಿದ್ದ 20 ಮಿ.ಮೀ. ಅಲ್ಲಿಗೆ ಮುಗಿಯಿತು. ಅದರ ಮೇಲೆ ಇನ್ನೊಂದು ಸೆಂಟಿಮೀಟರ್ ಹೋದರೆ ಆ ತುದಿಯಲ್ಲಿ ಆರನೆಯ ಟೈಲ್ ಕೂರುವುದೇ ಇಲ್ಲ. ಅಂಚು ಸವರಬೇಕಾಗುತ್ತದೆ, ಸವರಿದ ಗೆರೆ ಗೋಡೆ ಬದಿಯಲ್ಲಿ ಓರೆಯಾಗಿ ಕಾಣುತ್ತದೆ. ಇದನ್ನು ಪತ್ತೆಹಚ್ಚಲು ಟೇಪ್ ಸಾಕು. ಹಾಲಿನ ಒಂದು ಮೂಲೆಯಿಂದ ಎದುರು ಮೂಲೆಗೆ ಹಿಡಿಯಿರಿ, ಆಮೇಲೆ ಇನ್ನೆರಡು ಮೂಲೆಗೆ ಹಿಡಿಯಿರಿ. ಎರಡೂ ಒಂದೇ ಬಂದು, ಎರಡು ತುದಿಯ ಅಗಲವೂ ಒಂದೇ ಇದ್ದರೆ ಮಟ್ಟಸ. 12 ಅಡಿಗೆ 16 ಅಡಿ 3 ಇಂಚಿನ ಕೋಣೆಗೆ ಮೂಲೆಯಿಂದ ಮೂಲೆಗಿನ ಎರಡೂ ಅಳತೆ 20 ಅಡಿ 2 ಇಂಚಿನ ಆಸುಪಾಸಿನಲ್ಲಿ ಇರಬೇಕು. ಆ ಎರಡರ ನಡುವೆ ಒಂದು ಇಂಚಿಗಿಂತ, ಇಲ್ಲವೇ ಎರಡು ತುದಿಯ ಅಗಲದ ನಡುವೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಆ ಕೋಣೆಗೆ ಒಂದು ಸಾಲಿನ ಟೈಲ್ ಹೆಚ್ಚಿಗೆ ಇಟ್ಟುಕೊಳ್ಳಿ. ಗಾರೆ ಆದ ಮನೆಗೆ ಸ್ಕ್ರೀನ್‌ಶಾಟ್‌ಗಿಂತ ಟೇಪೇ ದೊಡ್ಡದು. ಚಿತ್ರದ ಲೆಕ್ಕ ಅಂಗಡಿಯಲ್ಲಿ ದರ ಮಾತಾಡುವುದಕ್ಕೆ, ಟೇಪಿನ ಲೆಕ್ಕ ಆರ್ಡರ್ ಕೊಡುವುದಕ್ಕೆ.

ಬಚ್ಚಲುಮನೆಯ ಗೋಡೆಯ ಲೆಕ್ಕ ಬೇರೆಯೇ. ಅಲ್ಲಿ ಕೆಳಗೆ ಗಾಢ ಬಣ್ಣ, ನಡುವೆ ಹೈಲೈಟರ್, ಮೇಲೆ ತಿಳಿ ಬಣ್ಣ ಎಂದು ಮೂರು ಬಗೆ ಇರುತ್ತದೆ. ಒಂದು ಬಗೆಯಲ್ಲಿ ಉಳಿದದ್ದು ಇನ್ನೊಂದರ ಕೊರತೆ ತುಂಬುವುದಿಲ್ಲ. ಒಟ್ಟು ವಿಸ್ತೀರ್ಣಕ್ಕೆ ವೇಸ್ಟೇಜ್ ಸೇರಿಸುವುದು ಇಲ್ಲಿ ಅರ್ಥವಿಲ್ಲದ ಕೆಲಸ. ಪ್ರತಿ ಬಗೆಗೆ ಎಷ್ಟು ಸಾಲು ಎಂದು ಮೇಸ್ತ್ರಿಯನ್ನು ಕೇಳಿ, ಸಾಲುಗಟ್ಟಿ ಎಣಿಸಿ, ಒಂದೊಂದು ಬಗೆಗೂ ಬೇರೆ ಬೇರೆಯಾಗಿ ಎರಡು ಮೂರು ಟೈಲ್ ಹೆಚ್ಚಿಗೆ ತನ್ನಿ. ಎಷ್ಟು ಎತ್ತರಕ್ಕೆ ಟೈಲ್ ಎನ್ನುವುದನ್ನು ನೆಲದ ನಕ್ಷೆ ಹೇಳುವುದಿಲ್ಲ.

ಬಣ್ಣಕ್ಕೂ ಇದೇ ಮಾತು. ಅದೇ ಮಲಗುವ ಕೋಣೆಯ ಸುತ್ತಳತೆ 43 ಅಡಿ. ಎತ್ತರ ಹತ್ತು ಅಡಿ ಇದ್ದರೆ ಗೋಡೆ 430 ಚದರ ಅಡಿ. ಎರಡು ಬಾಗಿಲು, ಒಂದು ಕಿಟಕಿ ಕಳೆದರೆ 375. ಡಬ್ಬದ ಮೇಲೆ ಒಂದು ಕೋಟ್‌ಗೆ ಲೀಟರಿಗೆ 120 ಚದರ ಅಡಿ ಎಂದು ಬರೆದಿದೆ ಎಂದುಕೊಂಡರೆ ಎರಡು ಕೋಟ್‌ಗೆ ಆರೂಕಾಲು ಲೀಟರ್, ರೋಲರಿನಲ್ಲಿ ಟ್ರೇಯಲ್ಲಿ ಉಳಿಯುವುದಕ್ಕೆ ಐದು ಪರ್ಸೆಂಟ್ ಸೇರಿಸಿ ಏಳು ಲೀಟರ್ ತರಬೇಕು. ಡಬ್ಬದ ಮೇಲಿನ ಅಂಕಿ ಒಂದು ಕೋಟ್‌ಗೋ ಎರಡು ಕೋಟ್‌ಗೋ ಎಂದು ಓದದೆ ಲೆಕ್ಕ ಹಾಕಿದವರಿಗೆ ಅರ್ಧಕ್ಕರ್ಧ ತಪ್ಪುತ್ತದೆ. ಪುಟ್ಟಿ, ಪ್ರೈಮರ್ ಆಗದ ಹೊಸ ಗಾರೆ ಇನ್ನೂ ಹೆಚ್ಚು ಕುಡಿಯುತ್ತದೆ. ಟೈಲಿನಂತೆ ಬಣ್ಣಕ್ಕೆ ಕಟಿಂಗ್ ಪೀಸು ಎಂಬುದಿಲ್ಲ, ಹಾಗಾಗಿ ಕೋಣೆಯ ಅಳತೆಯಲ್ಲಿ ಒಂದೆರಡು ಇಂಚು ತಪ್ಪಿದರೂ ಬಣ್ಣದ ಲೆಕ್ಕ ಕೆಡುವುದಿಲ್ಲ. ಎತ್ತರದಲ್ಲಿ ಅರ್ಧ ಅಡಿ ತಪ್ಪಿದರೆ ಒಂದು ಕೋಣೆಗೆ 21½ ಚದರ ಅಡಿ ತಪ್ಪುತ್ತದೆ, ಅದನ್ನೇ ಮನೆಯ ಎಲ್ಲ ಕೋಣೆಗೂ ಗುಣಿಸಿ ನೋಡಿ. ಸ್ಕ್ರೀನ್‌ಶಾಟ್‌ನಲ್ಲಿ ಇಲ್ಲದ ಆ ಒಂದು ಅಂಕಿಯನ್ನು ಮಾತ್ರ ಎಂಜಿನಿಯರನ್ನು ಕೇಳಿ ಬರೆದುಕೊಳ್ಳಿ.

ಬಣ್ಣ ಸಾಲದಿದ್ದರೆ ಅದೇ ಕೋಡಿನ ಇನ್ನೊಂದು ಡಬ್ಬ ತಂದು ಒಂದು ಗೋಡೆಯನ್ನು ಪೂರ್ತಿ ಬಳಿದರೆ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಟೈಲಿಗೆ ಆ ಅನುಕೂಲವಿಲ್ಲ. ನಮ್ಮ ಅಂಗಡಿಗಳಿಗೆ ಬರುವ ಟೈಲ್‌ಗಳಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯ ಕಾರ್ಖಾನೆಗಳವು. ಒಂದೇ ಡಿಸೈನ್ ಆದರೂ ಒಂದೊಂದು ಸಲ ಸುಟ್ಟು ತೆಗೆದ ಮಾಲಿನಲ್ಲಿ ಬಣ್ಣದ ಛಾಯೆ ಕೂದಲೆಳೆಯಷ್ಟು ಬದಲಾಗುತ್ತದೆ, ಕೆಲವೊಮ್ಮೆ ಅಳತೆಯೂ ಬದಲಾಗುತ್ತದೆ. ಅದಕ್ಕೇ ಬಾಕ್ಸಿನ ಬದಿಯಲ್ಲಿ ಬ್ಯಾಚ್ ಸಂಖ್ಯೆ, ಶೇಡ್ ಸಂಖ್ಯೆ ಒತ್ತಿರುತ್ತಾರೆ. ಕೈಯಲ್ಲಿ ಹಿಡಿದು ನೋಡಿದಾಗ ಗೊತ್ತಾಗದ ವ್ಯತ್ಯಾಸ ಕಿಟಕಿಯ ಬೆಳಕು ನೆಲದ ಮೇಲೆ ಬಿದ್ದಾಗ ಪಟ್ಟೆಯಂತೆ ಕಾಣುತ್ತದೆ. ತಿ. ನರಸೀಪುರದ ಅಂಗಡಿಯಲ್ಲಿ ನಿಮಗೆ ತೋರಿಸುವುದು ಹಲವು ಸಲ ಮಾದರಿ ಮಾತ್ರ, ಮಾಲು ಬರುವುದು ಮೈಸೂರಿನ ಗೋಡೌನಿನಿಂದ. ಸಾಲದ ಎರಡು ಬಾಕ್ಸಿಗೆಂದು ತಿಂಗಳ ನಂತರ ಹೋದರೆ ಗಾಡಿ ಬಾಡಿಗೆಯ ಮಾತು ಹಾಗಿರಲಿ, ಅದೇ ಶೇಡ್ ಸಿಗುವುದೇ ಕಷ್ಟ. ಆದ್ದರಿಂದ ಬಾಕ್ಸುಗಳು ಮನೆ ಮುಂದೆ ಇಳಿದಾಗಲೇ ಎಲ್ಲದರ ಮೇಲೂ ಒಂದೇ ಶೇಡ್ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಬೇಕು. ಬೇರೆ ಇದ್ದ ಬಾಕ್ಸನ್ನು ಬಿಚ್ಚದೆ ಅದೇ ಗಾಡಿಯಲ್ಲಿ ವಾಪಸ್ ಕಳಿಸಬೇಕು. ಒಂದೊಂದು ಬಾಕ್ಸ್ 25ರಿಂದ 30 ಕಿಲೊ ತೂಗುತ್ತದೆ, ಇಳಿಸಿದ ಮೇಲೆ ಮತ್ತೆ ಹೇರುವವರು ಯಾರೂ ಸಿಗುವುದಿಲ್ಲ.

ನಮ್ಮ ಈ ಮನೆಗೆ ನಾನು ಹೇಳುವುದು 30 ಬಾಕ್ಸ್. ಇಪ್ಪತ್ತೊಂಬತ್ತು ಹಾಸುವುದಕ್ಕೆ, ಒಂದು ಅಟ್ಟದ ಮೇಲೆ ಇಡುವುದಕ್ಕೆ. ಐದು ವರ್ಷದ ನಂತರ ಪೈಪ್ ಸೋರಿ ನೆಲ ಒಡೆಯಬೇಕಾಗಿ ಬಂದರೆ ಆ ನಾಲ್ಕು ಟೈಲ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬಿಚ್ಚದ ಬಾಕ್ಸ್ ಉಳಿದರೆ ಎಷ್ಟು ದಿನದೊಳಗೆ ವಾಪಸ್ ತೆಗೆದುಕೊಳ್ಳುತ್ತೀರಿ ಎಂದು ಅಂಗಡಿಯವರನ್ನು ಹಣ ಕೊಡುವ ಮುಂಚೆಯೇ ಕೇಳಿ, ಬಿಲ್ಲಿನ ಮೇಲೆ ಅದನ್ನೂ ಶೇಡ್ ಸಂಖ್ಯೆಯನ್ನೂ ಬರೆಸಿಕೊಳ್ಳಿ.